ನಿಮಗಿದು ಗೊತ್ತೇ? ಅರೇಯ ಕೊನೆ ಮುಟ್ಟಲು ಎಷ್ಟು ಜಿಗಿತ ಸಾಕು?

ಆಟ ಇಷ್ಟೇ. ಸಾಲಾಗಿ ಸಂಖ್ಯೆಗಳಿವೆ. ನೀವು ನಿಂತ ಜಾಗದ ಸಂಖ್ಯೆ 4 ಆಗಿದ್ದರೆ ಅಲ್ಲಿಂದ 1, 2, 3 ಅಥವಾ 4 ಮನೆ ಮುಂದಕ್ಕೆ ಜಿಗಿಯಬಹುದು. ಮೊದಲ ಮನೆಯಿಂದ ಕೊನೆಯ ಮನೆಗೆ ಕನಿಷ್ಠ ಎಷ್ಟು ಜಿಗಿತ ಬೇಕು? ಲೀಟ್‌ಕೋಡ್‌ನಲ್ಲಿ ಇದು 45ನೇ ಪ್ರಶ್ನೆ, ಹೆಸರು ‘ಜಂಪ್ ಗೇಮ್ 2’. ನಾವು ಈ ಅರೇ ಹಿಡಿದು ನೋಡೋಣ. ಇಂಡೆಕ್ಸ್ 0ರಿಂದ ಶುರು, ಗುರಿ 7.

```
[4, 5, 1, 4, 1, 1, 1, 0]
```

ಉದ್ದ ಜಿಗಿದವನೇ ಹಿಂದೆ ಬೀಳುತ್ತಾನೆ, ಗೊತ್ತೇ? ಪ್ರತಿಸಲವೂ ಆದಷ್ಟು ದೂರ ಹಾರಿದರೆ ಮೊದಲಿಗೆ 4ನೇ ಇಂಡೆಕ್ಸ್‌ಗೆ ಬೀಳುತ್ತೀರಿ. ಅಲ್ಲಿರುವುದು 1. ಮುಂದೆ 5, 6, 7 ಎಂದು ಒಂದೊಂದೇ ಮನೆ ನಡೆಯಬೇಕು. ಒಟ್ಟು 4 ಜಿಗಿತ.

ದೊಡ್ಡ ಸಂಖ್ಯೆ ಹುಡುಕಿದರೂ ಮೋಸ. ಮೊದಲ ಜಿಗಿತಕ್ಕೆ ಸಿಗುವ ಮನೆಗಳಲ್ಲಿ ದೊಡ್ಡದು ಇಂಡೆಕ್ಸ್ 1ರಲ್ಲಿರುವ 5. ಆದರೆ 1+5=6; ಗುರಿಗೆ ಒಂದು ಮನೆ ಕಡಿಮೆ. ಇಂಡೆಕ್ಸ್ 3ರಲ್ಲಿ ಇರುವುದು ಬರೀ 4, ಆದರೂ 3+4=7. ನೋಡಬೇಕಾದದ್ದು ಇಂಡೆಕ್ಸ್ ಮತ್ತು ಸಂಖ್ಯೆ ಎರಡರ ಮೊತ್ತವನ್ನು. ಸರಿಯಾದ ದಾರಿ 0→3→7, ಎರಡೇ ಜಿಗಿತ.

ಯಾವ ಮನೆಗೆ ಹೋಗಬೇಕೆಂದು ನಿರ್ಧರಿಸಲೇ ಬೇಕಿಲ್ಲ. ಎಣಿಕೆ ಮಾತ್ರ ಸಾಕಾದರೆ, ಒಂದು ಜಿಗಿತಕ್ಕೆ ಎಟುಕುವ ಗಡಿ ಎಲ್ಲಿ, ಇನ್ನೊಂದು ಜಿಗಿತ ಸೇರಿದರೆ ಗಡಿ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತ ಹೋದರಾಯಿತು. ಜಿಗಿತವನ್ನು ಬೇಕಾದಷ್ಟು ಚಿಕ್ಕದು ಮಾಡಬಹುದಾದ್ದರಿಂದ, ಎಟುಕುವ ಮನೆಗಳ ನಡುವೆ ಎಲ್ಲೂ ತೂತು ಬೀಳುವುದಿಲ್ಲ. ಹಾಗಾಗಿ ಬಲತುದಿ ಒಂದು ಗೊತ್ತಿದ್ದರೆ ಎಲ್ಲವೂ ಗೊತ್ತಿದ್ದಂತೆ. ಗ್ರೀಡಿ ವಿಧಾನ ಇಲ್ಲಿ ಸರಿಯಾಗುವುದಕ್ಕೆ ಕಾರಣ ಇದೇ.

```python
def jump(a):
    jumps = end = far = 0
    for i in range(len(a) - 1):
        far = max(far, i + a[i])
        if i == end:
            if far == i:
                return -1
            jumps += 1
            end = far
    return jumps
```

ಓಡಿಸಿ ನೋಡಿ. `i` 0 ಆಗಿದ್ದಾಗ `far` 4. ಗಡಿಯಲ್ಲೇ ಇರುವುದರಿಂದ ಜಿಗಿತ 1, ಹೊಸ ಗಡಿ 4. ಮುಂದೆ 1ರಲ್ಲಿ `far` 6ಕ್ಕೆ, 3ರಲ್ಲಿ 7ಕ್ಕೆ ಏರುತ್ತದೆ. 4ನ್ನು ತಲುಪಿದಾಗ ಹಳೆಯ ಗಡಿ ಮುಗಿಯಿತು: ಜಿಗಿತ 2, ಹೊಸ ಗಡಿ 7. ಉತ್ತರ 2. `far` ಏರಿದ್ದು ಯಾವ ಇಂಡೆಕ್ಸ್‌ನಿಂದ ಎಂದು ಗುರುತಿಟ್ಟುಕೊಂಡರೆ ದಾರಿಯೂ ಸಿಗುತ್ತದೆ.

ಅರೇಯನ್ನು ಒಂದೇ ಸಲ ದಾಟಿದರೆ ಸಾಕು. ಪ್ರತಿ ಮನೆಯಿಂದಲೂ ಮುಂದಿನ ಎಲ್ಲ ಮನೆಗಳನ್ನು ನೋಡುವ ಡೈನಾಮಿಕ್ ಪ್ರೋಗ್ರಾಮಿಂಗ್‌ನಲ್ಲಿ, 10,000 ಮನೆಗಳ ಅರೇಗೆ ಸುಮಾರು 5 ಕೋಟಿ ಜೋಡಿಗಳನ್ನು ತಡಕಬೇಕಾಗಬಹುದು. ಇಲ್ಲಿ 10,000ಕ್ಕೆ ಒಂದು ಕಡಿಮೆ ಸುತ್ತು, ಮೂರು ಎಣಿಕೆ ಮತ್ತು ಒಂದು `i`.

ಆ `- 1` ಬಿಟ್ಟರೆ ಕಥೆ ಕೆಟ್ಟಿತು. ಕೊನೆಯ ಮನೆಯನ್ನೂ ಲೂಪಿಗೆ ಸೇರಿಸಿದರೆ, ಗಡಿ ಸರಿಯಾಗಿ 7ರಲ್ಲೇ ನಿಂತಿರುವುದರಿಂದ ನಮ್ಮ ಅರೇಗೆ -1 ಬರುತ್ತದೆ. ಕೊನೆಯ 0 ಜಾಗದಲ್ಲಿ 2 ಇದ್ದಿದ್ದರೆ 3 ಬರುತ್ತಿತ್ತು. ಗುರಿ ಮುಟ್ಟಿದ ಮೇಲೂ ಇನ್ನೊಂದು ಜಿಗಿತ ಎಣಿಸಿದಂತೆ! ಗಡಿ ಗುರಿಯನ್ನು ದಾಟಿ ಹೋಗುವ ಅರೇಗಳಲ್ಲಿ ಈ ದೋಷ ಕಾಣಿಸುವುದೇ ಇಲ್ಲ. ಆದ್ದರಿಂದ ಗಡಿ ಗುರಿಗೆ ಸರಿಯಾಗಿ ತಾಗುವ ಅರೇಯಿಂದಲೂ ಪರೀಕ್ಷಿಸಬೇಕು.

ಸೊನ್ನೆ ಇದ್ದಲ್ಲೆಲ್ಲ ಸಿಕ್ಕಿಬೀಳುವುದಿಲ್ಲ. ಅದರ ಮೇಲಿಂದ ಹಾರಿ ಹೋಗಬಹುದು. `[2, 1, 0, 3]`ರಲ್ಲಿ ಮಾತ್ರ ಯಾರೂ ಇಂಡೆಕ್ಸ್ 2ನ್ನು ದಾಟಲಾರರು. ಗಡಿಗೆ ಬಂದಾಗಲೂ `far` ಅಲ್ಲೇ ನಿಂತಿದ್ದರೆ ದಾರಿ ಮುಚ್ಚಿತೆಂದೇ ಅರ್ಥ. ಲೀಟ್‌ಕೋಡ್‌ನ ಪ್ರಶ್ನೆ ಕೊನೆ ಮುಟ್ಟಲು ಸಾಧ್ಯ ಎಂದು ಮೊದಲೇ ಮಾತು ಕೊಡುತ್ತದೆ, ಅಲ್ಲಿ ಈ ತಪಾಸಣೆ ಬೇಡ. ಬೇರೆ ಕಡೆ ಇದನ್ನು ಬಿಟ್ಟರೆ ಈ ಅರೇಗೆ 2 ಎಂಬ ಸುಳ್ಳು ಉತ್ತರ ಬರುತ್ತದೆ.

ನಿಯಮ ತುಸು ಬದಲಾದರೂ ಈ ಉಪಾಯ ಕೈಕೊಡುತ್ತದೆ. ‘4 ಇದ್ದರೆ ಸರಿಯಾಗಿ 4 ಮನೆಯೇ ಜಿಗಿಯಬೇಕು’ ಎಂದರೆ ಎಟುಕುವ ಮನೆಗಳ ನಡುವೆ ತೂತು ಬೀಳುತ್ತದೆ. ಆಗ ನಮ್ಮ ಅರೇಗೆ ಇರುವುದು 0→4→5→6→7 ಎಂಬ ಒಂದೇ ದಾರಿ, 4 ಜಿಗಿತ. ಮೇಲಿನ ಕೋಡ್ ಮಾತ್ರ ಆಗಲೂ 2 ಎನ್ನುತ್ತದೆ. ಒಂದೊಂದು ಮನೆಗೆ ಒಂದೊಂದು ಶುಲ್ಕ ಇಟ್ಟು ‘ಅಗ್ಗದ ದಾರಿ ಯಾವುದು’ ಎಂದು ಕೇಳಿದರೂ ಅಷ್ಟೇ, ಬಲತುದಿಯೊಂದೇ ಸಾಲದು. ಆಗ ಆ 5 ಕೋಟಿ ಜೋಡಿಗಳ ಲೆಕ್ಕಕ್ಕೆ, ಅಂದರೆ ಡೈನಾಮಿಕ್ ಪ್ರೋಗ್ರಾಮಿಂಗ್‌ಗೆ, ಮರಳಬೇಕಾಗಬಹುದು.