ಎಷ್ಟು ಷೇರು ಎಂಬುದು ಕೊನೆಯ ಪ್ರಶ್ನೆ

ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅಕ್ಕನ ಮಗ ಒಂದು ಭಾನುವಾರ ಫೋನಿನಲ್ಲಿ ಚಾರ್ಟ್ ತೋರಿಸಿ, ‘ಮಾಮಾ, ಇದು ಏಳುತ್ತೆ ನೋಡು’ ಅಂದ. ಷೇರಿನ ಬೆಲೆ 412 ರೂಪಾಯಿ.

‘ಎಷ್ಟು ತಗೊಳ್ತೀಯ?’

‘ಐನೂರು.’

‘ಐನೂರೇ ಯಾಕೆ?’

‘ರೌಂಡ್ ಫಿಗರ್ ಇರಲಿ ಅಂತ. 408ಕ್ಕೆ ಸ್ಟಾಪ್‌ಲಾಸ್ ಹಾಕ್ತೀನಿ. ಷೇರಿಗೆ ನಾಲ್ಕು ರೂಪಾಯಿ, ಹೋದ್ರೆ ಎರಡು ಸಾವಿರ. ಖಾತೇಲಿ ಎರಡು ಲಕ್ಷ ಇದೆ. ಒಂದು ಪರ್ಸೆಂಟ್ ಅಷ್ಟೇ. ನೀನೇ ಹೇಳಿದ್ದಲ್ವಾ?’

ಹೇಳಿದ್ದು ನಿಜ. ಒಂದು ವಹಿವಾಟು ಕೆಟ್ಟರೆ ಖಾತೆಯ ಒಂದು ಪರ್ಸೆಂಟಿಗಿಂತ ಹೆಚ್ಚು ಹೋಗಬಾರದು ಎಂದು ನಾನೇ ಅವನ ತಲೆಗೆ ತುಂಬಿದ್ದೆ. ಅವನ ಗುಣಾಕಾರದಲ್ಲೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಲೆಕ್ಕ ಶುರುವಾದ ತುದಿಯಲ್ಲಿ. ಮೊದಲು ಐನೂರು ಬಂತು, ಆ ಐನೂರಕ್ಕೆ ಹೊಂದುವಂತೆ 408 ಬಂತು. ಚಾರ್ಟಿನಲ್ಲಿ 408ರ ಹತ್ತಿರ ಏನಿದೆ ಎಂದು ಅವನು ನೋಡಿರಲೇ ಇಲ್ಲ. ನಾನು ನೋಡಿದೆ, ಏನೂ ಇರಲಿಲ್ಲ.

ಇದ್ದದ್ದು 398ರಲ್ಲಿ. ಆ ಷೇರು 360ರಿಂದ 448ರವರೆಗೆ ಏರಿ, ಇಳಿದು, ಎರಡು ವಾರದಲ್ಲಿ ಎರಡು ಸಲ 398ರ ಆಸುಪಾಸಿಗೆ ಬಂದು ಮೇಲೆದ್ದಿತ್ತು. ಅಲ್ಲಿ ಕೊಳ್ಳುವವರಿದ್ದಾರೆ ಎಂಬ ಊಹೆಯ ಮೇಲೆಯೇ ನಮ್ಮ ಯೋಜನೆ ನಿಂತಿದೆ. ಹಾಗಾದರೆ ಊಹೆ ಸುಳ್ಳಾಯಿತು ಎಂದು ಒಪ್ಪಿಕೊಳ್ಳಬೇಕಾದದ್ದು ಬೆಲೆ 398ನ್ನು ಮುರಿದು ಕೆಳಗಿಳಿದಾಗ. 408ಕ್ಕೆ ಬಂದರೆ ಯಾವ ಊಹೆಯೂ ಸುಳ್ಳಾಗುವುದಿಲ್ಲ.

398ಕ್ಕೆ ಸರಿಯಾಗಿಯೂ ಸ್ಟಾಪ್ ಇಡಬಾರದು. ಈ ಷೇರು ದಿನಕ್ಕೆ ಸರಾಸರಿ ಎಂಟು ರೂಪಾಯಿ ಆಚೀಚೆ ಓಲಾಡುತ್ತದೆ. ಈ ಓಲಾಟವನ್ನು ಅಳೆಯುವ ಎಟಿಆರ್ ಎಂಬ ಸೂಚಕ ಎಲ್ಲ ಚಾರ್ಟ್ ಆ್ಯಪ್‌ಗಳಲ್ಲೂ ಇದೆ. ವೆಲ್ಸ್ ವೈಲ್ಡರ್ 1978ರಲ್ಲಿ ತನ್ನ ಪುಸ್ತಕದಲ್ಲಿ ಕೊಟ್ಟದ್ದು. ಅದರ ಅರ್ಧ, ಅಂದರೆ ನಾಲ್ಕು ರೂಪಾಯಿ ಬಿಟ್ಟು 394ಕ್ಕೆ ಇಟ್ಟೆವು. ಅರ್ಧವೇ ಏಕೆ, ಮುಕ್ಕಾಲು ಏಕಲ್ಲ ಎಂದರೆ ನನ್ನ ಬಳಿ ಶಾಸ್ತ್ರೀಯ ಉತ್ತರವಿಲ್ಲ. ಪ್ರತಿ ಸಲವೂ ಒಂದೇ ಅಳತೆ ಇದ್ದರೆ ಸಾಕು. ದಿನಕ್ಕೆ ಎಂಟು ರೂಪಾಯಿ ಓಲಾಡುವ ಷೇರಿಗೆ ನಾಲ್ಕೇ ರೂಪಾಯಿ ದೂರದಲ್ಲಿ ಸ್ಟಾಪ್ ಇಟ್ಟರೆ ಮಧ್ಯಾಹ್ನದ ಊಟದೊಳಗೆ ಅದು ಬಡಿದಿರುತ್ತದೆ, ಸಂಜೆಗೆ ಷೇರು 415ರಲ್ಲಿರುತ್ತದೆ.

ಈಗ ಪ್ರಮಾಣದ ಲೆಕ್ಕ ಒಂದೇ ಭಾಗಾಕಾರ. ಕಳೆದುಕೊಳ್ಳಲು ಒಪ್ಪಿದ ಹಣ ಎರಡು ಸಾವಿರ. 412ರಿಂದ 394ಕ್ಕೆ ದೂರ 18 ರೂಪಾಯಿ. 2000ವನ್ನು 18ರಿಂದ ಭಾಗಿಸಿದರೆ 111 ಚಿಲ್ಲರೆ. ಚಿಲ್ಲರೆ ಬಿಟ್ಟು 111 ಷೇರು. ಹಾಕಬೇಕಾದ ಬಂಡವಾಳ 45,732 ರೂಪಾಯಿ. ಅವನು ಅಂಗಡಿಯ ಕಂಪ್ಯೂಟರಿನಲ್ಲಿ ಶೀಟ್ ಮಾಡಿಕೊಂಡ: B1ರಲ್ಲಿ ಖಾತೆಯ ಹಣ, B2ರಲ್ಲಿ ಪರ್ಸೆಂಟ್, B3ರಲ್ಲಿ ಕೊಳ್ಳುವ ಬೆಲೆ, B4ರಲ್ಲಿ ಸ್ಟಾಪ್.

```
=INT(B1*B2/(B3-B4))
```

ಅವನು ಸುಮ್ಮನಾಗಲಿಲ್ಲ. ‘111 ಆದ್ರೂ ಹೋಗೋದು ಎರಡು ಸಾವಿರ, 500 ಆದ್ರೂ ಎರಡು ಸಾವಿರ. ಮತ್ತೆ ಐನೂರಿಗೆ ಲಾಭ ಜಾಸ್ತಿ ಅಲ್ವಾ?’ ಒಳ್ಳೆಯ ಪ್ರಶ್ನೆ. ಎಷ್ಟೋ ಜನ ಎಡವುವುದು ಇಲ್ಲೇ.

ಸ್ಟಾಪ್‌ಲಾಸ್ ಎಂಬುದು ಆ ಬೆಲೆ ಬಂದಾಗ ಮಾರು ಎಂಬ ಆದೇಶವೇ ಹೊರತು, ಆ ಬೆಲೆಗೇ ಮಾರಾಟವಾಗುತ್ತದೆ ಎಂಬ ಭರವಸೆ ಅಲ್ಲ. ಇವನು ಡೆಲಿವರಿ ತಗೊಂಡು ಕೆಲವು ದಿನ ಇಟ್ಟುಕೊಳ್ಳುವವನು. ಒಂದು ಸಂಜೆ ಕಂಪನಿಯ ಫಲಿತಾಂಶ ಕೆಟ್ಟದಾಗಿ ಬಂದು ಮರುದಿನ ಬೆಳಿಗ್ಗೆ 9.15ಕ್ಕೆ ಷೇರು ನೇರ 380ಕ್ಕೆ ತೆರೆದುಕೊಂಡಿತು ಎನ್ನಿ. 408ರಲ್ಲಾಗಲಿ 394ರಲ್ಲಾಗಲಿ ವಹಿವಾಟೇ ನಡೆದಿಲ್ಲ. ಇಬ್ಬರೂ 380ರ ಹತ್ತಿರ ಹೊರಬೀಳುತ್ತಾರೆ. ಷೇರಿಗೆ 32 ರೂಪಾಯಿಯಂತೆ 111 ಷೇರಿದ್ದವನಿಗೆ 3,552 ರೂಪಾಯಿ ನಷ್ಟ, ಖಾತೆಯ ಎರಡು ಪರ್ಸೆಂಟಿಗಿಂತ ಕಡಿಮೆ. 500 ಇದ್ದವನಿಗೆ 16,000, ಎಂಟು ಪರ್ಸೆಂಟ್. ಕಾಗದದ ಮೇಲೆ ಇಬ್ಬರದೂ ಒಂದೇ ಪರ್ಸೆಂಟಾಗಿತ್ತು. ಅಲ್ಲದೆ 500 ಷೇರಿಗೆ ಬೇಕಾದದ್ದು 2,06,000 ರೂಪಾಯಿ; ಖಾತೆಯಲ್ಲಿ ಅಷ್ಟಿಲ್ಲ, ಉಳಿದದ್ದು ಬ್ರೋಕರ್‌ನಿಂದ ಬಡ್ಡಿಗೆ ತಂದದ್ದು. ಅದಕ್ಕೇ ನಾನು ಇನ್ನೊಂದು ಗೆರೆ ಹಾಕಿಕೊಂಡಿದ್ದೇನೆ: ಭಾಗಾಕಾರ ಎಷ್ಟೇ ಹೇಳಲಿ, ಒಂದೇ ಷೇರಿಗೆ ಖಾತೆಯ ಕಾಲುಭಾಗಕ್ಕಿಂತ ಹೆಚ್ಚು ಹಾಕುವುದಿಲ್ಲ.

ಖರ್ಚೂ ಇದೆ. ಡೆಲಿವರಿಯಲ್ಲಿ ಕೊಂಡಾಗ ಒಮ್ಮೆ, ಮಾರಿದಾಗ ಒಮ್ಮೆ ಶೇ 0.1ರಂತೆ ಎಸ್‌ಟಿಟಿ ತೆರಿಗೆ ಹಿಡಿಯುತ್ತಾರೆ. 111 ಷೇರಿಗೆ ಎರಡೂ ಸೇರಿ ಸುಮಾರು 89 ರೂಪಾಯಿ, 500ಕ್ಕೆ 410. ಎರಡು ಸಾವಿರ ಅಪಾಯಕ್ಕೆ ಒಡ್ಡಿದವನು ಬರೀ ತೆರಿಗೆಗೆ ಅದರ ಐದನೇ ಒಂದು ಪಾಲು ಕೊಟ್ಟಂತಾಯಿತು.

ಇನ್ನು ಒಂದೇ ಪರ್ಸೆಂಟ್ ಯಾಕೆ? ಸೋಲು ಗೆಲುವು ಸರಿಸಮ ಇರುವ ಪದ್ಧತಿಯಲ್ಲೂ ಇನ್ನೂರು ಮುನ್ನೂರು ವಹಿವಾಟಿನೊಳಗೆ ಏಳೆಂಟು ಸೋಲು ಸಾಲಾಗಿ ಬರುವುದು ಅಪರೂಪವಲ್ಲ. ಪ್ರತಿ ಸಲ ಉಳಿದ ಹಣದ ಒಂದು ಪರ್ಸೆಂಟ್ ಕಳೆದರೆ ಎಂಟು ಸೋಲಿನ ನಂತರ ಎರಡು ಲಕ್ಷದಲ್ಲಿ 1,84,500 ಉಳಿದಿರುತ್ತದೆ. ಐದು ಪರ್ಸೆಂಟಾದರೆ ಉಳಿಯುವುದು 1,32,700. ಮತ್ತೆ ಎರಡು ಲಕ್ಷ ಮುಟ್ಟಲು ಇದ್ದುದರ ಮೇಲೆ ಐವತ್ತು ಪರ್ಸೆಂಟ್ ಗಳಿಸಬೇಕು. ಆ ಹೊತ್ತಿಗೆ ಮನುಷ್ಯ ಚಾರ್ಟ್ ನೋಡುತ್ತಿರುವುದಿಲ್ಲ, ಹೋದ ದುಡ್ಡನ್ನು ನೋಡುತ್ತಿರುತ್ತಾನೆ.

ಈ ಭಾಗಾಕಾರ ಕೈಕೊಡುವ ಜಾಗಗಳೂ ಇವೆ. ಮೂರು ಬ್ಯಾಂಕ್ ಷೇರುಗಳಲ್ಲಿ ಒಂದೊಂದು ಪರ್ಸೆಂಟ್ ಎಂದುಕೊಂಡರೆ, ಬ್ಯಾಂಕುಗಳೆಲ್ಲ ಒಟ್ಟಿಗೆ ಬಿದ್ದ ದಿನ ಅದು ಮೂರು ಪರ್ಸೆಂಟಿನ ಒಂದೇ ಪಂದ್ಯ. ಸಣ್ಣ ಕಂಪನಿಯ ಷೇರು ಲೋವರ್ ಸರ್ಕ್ಯೂಟ್‌ಗೆ ಬಿದ್ದು ಕೊಳ್ಳುವವರೇ ಇಲ್ಲದಾದರೆ ಸ್ಟಾಪ್ ಆದೇಶ ಸಾಲಿನಲ್ಲಿ ನಿಂತೇ ಇರುತ್ತದೆ. ಫ್ಯೂಚರ್ಸ್‌ನಲ್ಲಂತೂ ಲಾಟ್ ಒಡೆಯಲು ಬರುವುದಿಲ್ಲ. 2025ರಲ್ಲಿ ನಿಫ್ಟಿಯ ಒಂದು ಲಾಟ್ 75 ಇತ್ತು. ಎರಡು ಸಾವಿರವನ್ನು ಅದರಿಂದ ಭಾಗಿಸಿದರೆ ಸಿಗುವ ಸ್ಟಾಪ್ ದೂರ 26 ಪಾಯಿಂಟ್. ನಿಫ್ಟಿ ಅಷ್ಟನ್ನು ಒಂದು ಚಹಾ ಕುಡಿಯುವುದರೊಳಗೆ ಹತ್ತಿ ಇಳಿಯುತ್ತದೆ. ಅಂದರೆ ಆ ಖಾತೆಗೆ ಆ ಸರಕು ದೊಡ್ಡದಾಯಿತು. ಆಗ ಸ್ಟಾಪನ್ನು ಹತ್ತಿರಕ್ಕೆ ಎಳೆಯುವ ಆಸೆ ಬರುತ್ತದೆ. ಎಳೆದರೆ ಮತ್ತೆ 408ರ ಕತೆಯೇ.

ಸೋಮವಾರ ಬೆಳಿಗ್ಗೆ ಫೋನ್ ಬಂತು. ಷೇರು 419ಕ್ಕೆ ತೆರೆದಿತ್ತು.

‘111 ತಗೊಂಡುಬಿಡ್ಲಾ?’

‘ಸ್ಟಾಪ್ ಎಲ್ಲಿ?’

‘394ರಲ್ಲೇ.’

‘ಹಾಗಾದ್ರೆ ದೂರ ಎಷ್ಟಾಯ್ತು?’

ಅಂಗಡಿಯಲ್ಲಿ ಯಾರೋ ಮೊಳೆ ತೂಗಿಸಿಕೊಳ್ಳುತ್ತಿದ್ದ ಸದ್ದು. ‘25. ಅಂದ್ರೆ 80 ಷೇರು.’ ನಿನ್ನೆಯ 111 ಹಿಡಿದುಕೊಂಡಿದ್ದರೆ ಅಪಾಯ 2,775 ರೂಪಾಯಿ ಆಗುತ್ತಿತ್ತು. ಇನ್ನೊಂದು ವಿಷಯವನ್ನು ಅವನೇ ಹೇಳಿದ: ‘ಮೇಲೆ 448ರಲ್ಲಿ ಹಳೇ ತಲೆ ಇದೆ. 412ಕ್ಕೆ ತಗೊಂಡಿದ್ರೆ 18ಕ್ಕೆ 36 ಸಿಗ್ತಿತ್ತು. ಈಗ 25 ಒಡ್ಡಿ 29. ಬೇಡ ಬಿಡು.’

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ‘ಮಾಮಾ, ಅದು 405ಕ್ಕೆ ಇಳಿದು ಅಲ್ಲಿ ನಿಂತ್ರೆ?’

‘ನೀನೇ ಹೇಳು.’

‘ದೂರ 11. ಶೀಟು 181 ಅನ್ನುತ್ತೆ.’ ಕೀಲಿಮಣೆಯ ಸದ್ದು. ‘73 ಸಾವಿರ ಆಯ್ತು. ಖಾತೆಯ ಕಾಲುಭಾಗ ದಾಟ್ತು. 123 ತಗೋತೀನಿ.’