ಆರ್ಗಾನ್ ಸೇರಿಸಿದರೆ ಉತ್ತರ ‘ಸಿ’ಯೇ?

ಸಮತೋಲನದಲ್ಲಿರುವ ಅನಿಲಗಳ ಮಿಶ್ರಣಕ್ಕೆ ಆರ್ಗಾನ್ ಸೇರಿಸಿದರೆ ಏನಾಗುತ್ತದೆ? ಎ) ಕ್ರಿಯೆ ಮುಂದಕ್ಕೆ ಸರಿಯುತ್ತದೆ, ಬಿ) ಹಿಂದಕ್ಕೆ ಸರಿಯುತ್ತದೆ, ಸಿ) ಬದಲಾವಣೆ ಇಲ್ಲ. ಸಿಇಟಿ, ನೀಟ್‌ಗೆ ಓದುವ ಮಕ್ಕಳು ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ‘ಸಿ’ ಎಂದುಬಿಡುವುದುಂಟು. ಆರ್ಗಾನ್ ಜಡ ಅನಿಲ, ಯಾವುದರ ಜೊತೆಗೂ ವರ್ತಿಸುವುದಿಲ್ಲ, ಹಾಗಾಗಿ ಸಮತೋಲನವನ್ನೂ ಕದಲಿಸದು ಎಂಬುದು ಅವರ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಉಳಿದರ್ಧ ಪಾತ್ರೆಯ ಮೇಲೆ ನಿಂತಿದೆ.

N₂O₄ ⇌ 2NO₂ ಕ್ರಿಯೆಯನ್ನೇ ತೆಗೆದುಕೊಳ್ಳೋಣ. N₂O₄ಗೆ ಬಣ್ಣವಿಲ್ಲ, NO₂ ಕಂದು. 298 ಕೆಲ್ವಿನ್‌ನಲ್ಲಿ, ಒತ್ತಡವನ್ನು ಬಾರ್‌ನಲ್ಲಿ ಅಳೆದರೆ, ಇದರ Kp ಸುಮಾರು 0.15. ಒಂದು ಮೋಲ್ N₂O₄ ಅನ್ನು 1 ಬಾರ್ ಒತ್ತಡದಲ್ಲಿಟ್ಟರೆ ಅದರಲ್ಲಿ ಶೇ 19ರಷ್ಟು ಒಡೆಯುತ್ತದೆ. ಆಗ ಪಾತ್ರೆಯಲ್ಲಿ 0.81 ಮೋಲ್ N₂O₄, 0.38 ಮೋಲ್ NO₂ ಇರುತ್ತವೆ. ಅವುಗಳ ಆಂಶಿಕ ಒತ್ತಡ ಕ್ರಮವಾಗಿ 0.68 ಮತ್ತು 0.32 ಬಾರ್.

ಇದು ಗಟ್ಟಿ ಗೋಡೆಯ, ಮುಚ್ಚಿದ ಪಾತ್ರೆ ಎಂದಿಟ್ಟುಕೊಳ್ಳಿ. ಒಳಗಿರುವಷ್ಟೇ ಮೋಲ್ ಆರ್ಗಾನ್ ತುಂಬಿದರೆ ಒಟ್ಟು ಒತ್ತಡ 2 ಬಾರ್‌ಗೆ ಏರುತ್ತದೆ. ಆದರೆ ಗಾತ್ರ ಬದಲಾಗದ ಕಾರಣ N₂O₄ ಮತ್ತು NO₂ಗಳ ಆಂಶಿಕ ಒತ್ತಡ ಇದ್ದಲ್ಲೇ ಇರುತ್ತದೆ. ಅನುಪಾತ 0.15 ಆಗಿಯೇ ಉಳಿಯುತ್ತದೆ, ಕ್ರಿಯೆ ಯಾವ ಕಡೆಗೂ ಸರಿಯುವುದಿಲ್ಲ. ಇಲ್ಲಿ ‘ಸಿ’ ಸರಿ. ‘ಒತ್ತಡ ಹೆಚ್ಚಿತು, ಆದ್ದರಿಂದ ಮೋಲ್‌ಗಳು ಕಡಿಮೆ ಇರುವ ಕಡೆಗೆ ಹೋಗಬೇಕು’ ಎಂದು ಲೆ ಶಾಟ್ಲಿಯೆ ತತ್ವವನ್ನು ಎಳೆದು ತಂದು ‘ಬಿ’ ಬರೆದವರು ಒಟ್ಟು ಒತ್ತಡವನ್ನು ನೋಡಿದ್ದಾರೆ, ಆಂಶಿಕ ಒತ್ತಡವನ್ನಲ್ಲ.

ಈಗ ಪಾತ್ರೆಗೆ ಸರಾಗವಾಗಿ ಚಲಿಸುವ ಪಿಸ್ಟನ್ ಇದೆ, ಒತ್ತಡ 1 ಬಾರ್‌ನಲ್ಲೇ ನಿಲ್ಲುತ್ತದೆ. ಅಷ್ಟೇ ಆರ್ಗಾನ್ ಸೇರಿಸಿದರೆ ಗಾತ್ರ ಇಮ್ಮಡಿಯಾಗುತ್ತದೆ. ಎರಡೂ ಅನಿಲಗಳ ಆಂಶಿಕ ಒತ್ತಡ ಅರ್ಧಕ್ಕಿಳಿದು 0.34 ಮತ್ತು 0.16 ಆಗುತ್ತದೆ. NO₂ದ ವರ್ಗವನ್ನು N₂O₄ದಿಂದ ಭಾಗಿಸಿ ನೋಡಿ: 0.075 ಬರುತ್ತದೆ, ಅಂದರೆ Kpಯ ಅರ್ಧ. ಹಾಗಾಗಿ ಇನ್ನಷ್ಟು N₂O₄ ಒಡೆಯಲೇಬೇಕು. ಹೊಸ ಸಮತೋಲನದಲ್ಲಿ ಶೇ 26ರಷ್ಟು ಒಡೆದಿರುತ್ತದೆ. ಆರ್ಗಾನ್ ಒಂದೇ ಒಂದು ಅಣುವಿನೊಂದಿಗೂ ವರ್ತಿಸಲಿಲ್ಲ, ಆದರೂ ಉತ್ತರ ‘ಎ’.

ಇಲ್ಲೇ ಇನ್ನೊಂದು ತೊಡಕಿದೆ. NO₂ದ ಪ್ರಮಾಣ 0.38ರಿಂದ 0.52 ಮೋಲ್‌ಗೆ ಏರಿದರೂ ಅದರ ಆಂಶಿಕ ಒತ್ತಡ 0.32ರಿಂದ 0.21 ಬಾರ್‌ಗೆ ಇಳಿದಿರುತ್ತದೆ, ಏಕೆಂದರೆ ಗಾತ್ರ ಅದಕ್ಕಿಂತ ಹೆಚ್ಚು ಹಿಗ್ಗಿದೆ. ‘ಹೆಚ್ಚಾಯಿತೇ, ಕಡಿಮೆಯಾಯಿತೇ?’ ಎಂದಷ್ಟೇ ಕೇಳಿದ ಪ್ರಶ್ನೆಗೆ ಎರಡೂ ಅಕ್ಷರಗಳನ್ನು ಸಮರ್ಥಿಸಬಹುದು. ಕೇಳಿದ್ದು ಮೋಲ್‌ಗಳನ್ನೋ ಸಾರತೆಯನ್ನೋ ಎಂಬುದು ಪ್ರಶ್ನೆಯಲ್ಲೇ ಇರಬೇಕು.

ಎರಡನೆಯ ನಂಬಿಕೆ ಏಕಮಾನಗಳದ್ದು. ಸಮತೋಲನ ಸ್ಥಿರಾಂಕಕ್ಕೆ ಏಕಮಾನವಿಲ್ಲ, ಹಾಗಾಗಿ ಸಂಖ್ಯೆ ಹೊಂದಿದರೆ ಸಾಕು ಎನ್ನುವವರಿದ್ದಾರೆ. ಪ್ರತಿಯೊಂದು ಒತ್ತಡವನ್ನೂ 1 ಬಾರ್ ಎಂಬ ಪ್ರಮಾಣ ಸ್ಥಿತಿಯಿಂದ ಭಾಗಿಸಿದಾಗ ಏಕಮಾನ ಹೋಗುತ್ತದೆ, ನಿಜ. ಆದರೆ ಯಾವುದರಿಂದ ಭಾಗಿಸಿದೆವು ಎಂಬುದು ಸಂಖ್ಯೆಯೊಳಗೇ ಉಳಿದಿರುತ್ತದೆ. ಇದೇ ಸಮತೋಲನವನ್ನು ಕಿಲೋಪಾಸ್ಕಲ್‌ನಲ್ಲಿ ಬರೆದರೆ 0.15ರ ಜಾಗದಲ್ಲಿ 15 ಬರುತ್ತದೆ.

Kpಯಿಂದ Kc ತೆಗೆಯುವಾಗ ಪೆಟ್ಟು ಬೀಳುವುದು ಹೀಗೆಯೇ. ಅನಿಲದ ಮೋಲ್‌ಗಳು ಒಂದರಿಂದ ಎರಡಾಗುವುದರಿಂದ Kc = Kp/RT. ಒತ್ತಡ ಬಾರ್‌ನಲ್ಲಿದ್ದರೆ R 0.0831 ಲೀಟರ್ ಬಾರ್ ಆಗಬೇಕು. ಆಗ 0.15ನ್ನು 24.8ರಿಂದ ಭಾಗಿಸಿ ಲೀಟರಿಗೆ ಸುಮಾರು 0.006 ಮೋಲ್ ಸಿಗುತ್ತದೆ. ಬಾಯಿಪಾಠವಾಗಿರುವ 8.314ನ್ನು ಹಾಕಿದರೆ 0.00006 ಬಂದು ಉತ್ತರ ನೂರು ಪಟ್ಟು ಕಿರಿದಾಗುತ್ತದೆ. 8.314 ಬಳಸಲೇಬೇಕೆಂದರೆ ಒತ್ತಡವನ್ನು ಪಾಸ್ಕಲ್‌ಗೆ ಬದಲಿಸಿ 15,000 ಎಂದು ಬರೆಯಬೇಕು. ಆಗ 6 ಬರುತ್ತದೆ, ಆದರೆ ಅದು ಘನ ಮೀಟರಿಗೆ 6 ಮೋಲ್, ಅಂದರೆ ಲೀಟರಿಗೆ ಅದೇ 0.006. ಆಯ್ಕೆಗಳಲ್ಲಿ 6, 0.006, 0.00006 ಮೂರೂ ಏಕಮಾನವಿಲ್ಲದೆ ಕೂತಿದ್ದರೆ ಮೊದಲೆರಡರಲ್ಲಿ ಯಾವುದು ಸರಿ ಎಂದು ಹೇಳಲು ದಾರಿಯಿಲ್ಲ. ಅಂಥ ಪ್ರಶ್ನೆಯಲ್ಲಿ ತಪ್ಪು ವಿದ್ಯಾರ್ಥಿಯದ್ದಲ್ಲ, ಪ್ರಶ್ನೆ ಬರೆದವರದ್ದು.

ಎರಡೂ ಚಿಂತೆ ಇಲ್ಲದ ಕ್ರಿಯೆಗಳೂ ಇವೆ. H₂ + I₂ ⇌ 2HI ಅನಿಲ ಕ್ರಿಯೆಯಲ್ಲಿ ಎರಡೂ ಬದಿಗೆ ಎರಡೆರಡು ಮೋಲ್ ಇರುವುದರಿಂದ Kp ಮತ್ತು Kc ಒಂದೇ, ಒತ್ತಡದ ಏಕಮಾನ ಯಾವುದಾದರೂ ಸಂಖ್ಯೆ ಕದಲುವುದಿಲ್ಲ. ಪಾತ್ರೆ ಗಟ್ಟಿಯಿರಲಿ, ಪಿಸ್ಟನ್ ಇರಲಿ, ಆರ್ಗಾನ್ ಸೇರಿಸಿದರೆ ಉತ್ತರ ‘ಸಿ’ಯೇ.