ಝಕಾತ್ ಬೇರೆ, ಸಂಬಳ ಬೇರೆ

ನಂಜನಗೂಡು ತಾಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶದ ಬಳಿ ಬೆಳಿಗ್ಗೆ ಅಕ್ಕತಂಗಿಯರಿಬ್ಬರು ಒಂದೇ ಬಸ್ಸಿನಿಂದ ಇಳಿಯುತ್ತಾರೆ ಅಂತಿಟ್ಟುಕೊಳ್ಳಿ. ಅಕ್ಕ ಕಾರ್ಖಾನೆಯ ಗೇಟಿನೊಳಗೆ ಹೋಗುತ್ತಾರೆ. ತಂಗಿ ನಮ್ಮಂಥವರ ಮನೆಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಬರುತ್ತಾರೆ. ಅಕ್ಕನಿಗೆ ವಾರದ ರಜೆ, ಸಂಬಳ ಸಹಿತ ರಜೆ, ವರ್ಷಕ್ಕೊಮ್ಮೆ ಬೋನಸ್ ಇದೆ. ತಂಗಿಗೆ ಏನಿದೆ? ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ ಮಾತು ಒಂದೇ: "ನೀವೇ ನೋಡಿ ಕೊಡಿ ಅಮ್ಮ." ನಾವೂ "ಆಯ್ತು, ನೋಡಿ ಕೊಡ್ತೇವೆ" ಅಂದುಬಿಟ್ಟೆವು.

ನಮ್ಮ ಶಾಫಿಈ ಫಿಕ್ಹ್‌ನಲ್ಲಿ ಕೂಲಿಯ ಒಪ್ಪಂದಕ್ಕೆ ಇಜಾರ ಅಂತ ಹೆಸರು. ಕೆಲಸ ಏನು, ಎಷ್ಟು ಹೊತ್ತು, ಕೂಲಿ ಎಷ್ಟು, ಇವೆಲ್ಲ ಮೊದಲೇ ಇಬ್ಬರಿಗೂ ಗೊತ್ತಿರಬೇಕು ಅನ್ನುವುದು ಅದರ ಶರತ್ತು. "ನೋಡಿ ಕೊಡ್ತೇವೆ" ಅನ್ನುವುದು ಮಾತಿಗೆ ಚೆನ್ನ, ಒಪ್ಪಂದಕ್ಕೆ ಸಾಲದು. ಹಾಗೆ ಕೂಲಿ ಗೊತ್ತು ಮಾಡದೆ ದುಡಿಸಿಕೊಂಡರೆ ಆ ಕೆಲಸಕ್ಕೆ ಆ ಊರಿನಲ್ಲಿ ನಡೆಯುವ ಕೂಲಿಯನ್ನು ಕೊಡಬೇಕಾಗುತ್ತದೆ, ನಮಗೆ ತೋಚಿದಷ್ಟನ್ನಲ್ಲ. ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಮೂಸಾ ನಬಿ (ಅ.ಸ.) ಮದ್ಯನ್‌ನಲ್ಲಿ ಕೆಲಸಕ್ಕೆ ನಿಂತ ಪ್ರಸಂಗ ನಮಗೆಲ್ಲ ಗೊತ್ತು. ಅಲ್ಲಿ ಎಂಟು ವರ್ಷ ಅಂತ ಅವಧಿ ಮೊದಲೇ ನಿಗದಿಯಾಯಿತು. ಹತ್ತು ಪೂರ್ತಿ ಮಾಡುವುದು ಮೂಸಾ ನಬಿಯವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು.

ಹಾಗಾದರೆ ಎಷ್ಟು ಅಂತ ಗೊತ್ತು ಮಾಡುವುದು? ಕರ್ನಾಟಕದಲ್ಲಿ 2004ರಿಂದಲೇ ಮನೆಗೆಲಸ ಕನಿಷ್ಠ ವೇತನದ ಪಟ್ಟಿಯಲ್ಲಿದೆ. ಕಾರ್ಮಿಕ ಇಲಾಖೆ ಇದರ ಮೇಲೆ ಪ್ರತಿವರ್ಷ ಏಪ್ರಿಲ್ 1ರಿಂದ ಹೊಸ ತುಟ್ಟಿಭತ್ಯೆ ಸೇರಿಸುತ್ತದೆ. ಆ ವರ್ಷದ ದರವನ್ನು ಕಾರ್ಮಿಕ ಕಚೇರಿಯಲ್ಲಿ ಕೇಳಿಕೊಂಡರೆ ಅದಕ್ಕಿಂತ ಕೆಳಗೆ ಇಳಿಯಬಾರದ ಗೆರೆ ಸಿಗುತ್ತದೆ. ಉಳಿದದ್ದಕ್ಕೆ ಕಾರ್ಖಾನೆಗೆ ಹೋದ ಅಕ್ಕನ ಲೆಕ್ಕವನ್ನೇ ಅಳತೆಗೋಲು ಮಾಡಿಕೊಳ್ಳೋಣ. ಮನೆಗೆಲಸದವರಿಗೆ ಆ ಕಾನೂನು ಅನ್ವಯಿಸುವುದಿಲ್ಲ, ಆದರೆ ಅಳತೆ ನ್ಯಾಯವಾದದ್ದೇ.

ದಿನಕ್ಕೆ ಎರಡು ಗಂಟೆ ಕೆಲಸ, ತಿಂಗಳಿಗೆ 4,000 ರೂಪಾಯಿ ಅಂತಿಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ದುಡಿದ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ. ತಿಂಗಳಿಗೆ 26 ದಿನದಂತೆ ವರ್ಷಕ್ಕೆ 312 ದಿನವಾದರೆ ಹೆಚ್ಚುಕಡಿಮೆ 15 ದಿನ ರಜೆ. ವಾರದ ರಜೆ ಇದಕ್ಕೆ ಹೊರತು. ಬೋನಸ್ಸಿನ ಕನಿಷ್ಠ ದರ ಶೇ. 8.33, ಅಂದರೆ ವರ್ಷದ ಸಂಬಳದ ಹನ್ನೆರಡನೇ ಒಂದು ಪಾಲು. ನಮ್ಮ ಲೆಕ್ಕದಲ್ಲಿ ಅದು ಒಂದು ತಿಂಗಳ ಸಂಬಳ, 4,000. ಒಟ್ಟಿಗೆ ಕೊಡುವಾಗ ಕೈ ಹಿಡಿಯುತ್ತದೆ ನಿಜ. ಸಂಬಳ ಕೊಟ್ಟ ದಿನವೇ 335 ರೂಪಾಯಿ ಬೇರೆ ಡಬ್ಬದಲ್ಲಿ ಹಾಕಿಟ್ಟರೆ ವರ್ಷದ ಕೊನೆಗೆ ಹಣ ತಯಾರಿರುತ್ತದೆ.

ಇನ್ನು ಸಂಬಳ ಏರಿಸುವ ಮಾತು. ಮೂರು ವರ್ಷ 4,000ವನ್ನೇ ಕೊಟ್ಟೆವು, ಒಂದು ರೂಪಾಯಿಯೂ ಕಡಿಮೆ ಮಾಡಲಿಲ್ಲ ಅಂತ ನಮಗನಿಸುತ್ತದೆ. ಆದರೆ ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ, ಮೂರನೇ ವರ್ಷದ ಕೊನೆಗೆ ಆ 4,000ಕ್ಕೆ ಮೊದಲು 3,455 ರೂಪಾಯಿಗೆ ಬರುತ್ತಿದ್ದಷ್ಟೇ ಅಕ್ಕಿ, ಎಣ್ಣೆ ಬರುತ್ತದೆ. ಅವರು ಬಾಯಿಬಿಟ್ಟು ಕೇಳಲಿಲ್ಲ, ನಾವು ಕೊಡಲಿಲ್ಲ, ಸಂಬಳ ಮಾತ್ರ ಕರಗಿತು. ಅದಕ್ಕೇ ಮೊದಲ ವರ್ಷ ಕಳೆದಾಗ 4,200, ಮರುವರ್ಷ 4,410 ಹೀಗೆ ಏರಿಸಬೇಕು. ಇದು ನಮ್ಮ ಔದಾರ್ಯ ಅಲ್ಲ, ಇದ್ದ ಸಂಬಳವನ್ನು ಇದ್ದಲ್ಲೇ ಉಳಿಸಿದ್ದಷ್ಟೆ. ಕೆಲಸದಲ್ಲಿ ಪಳಗಿದ್ದಕ್ಕೆ, ಮನೆಗೆ ಜನ ಹೆಚ್ಚಿದ್ದಕ್ಕೆ ಕೊಡುವುದು ಇದರ ಮೇಲೆ. ಸರಕಾರದ ದರ ಬದಲಾಗುವ ಏಪ್ರಿಲ್ ತಿಂಗಳನ್ನೇ ನಾವೂ ಹಿಡಿದುಕೊಂಡರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಈಗ ತಲೆಬರಹದ ಮಾತಿಗೆ ಬರೋಣ. ರಮಝಾನಿನಲ್ಲಿ ಝಕಾತಿನ ಹಣದಿಂದ ಒಂದು ಪಾಲು ಕೆಲಸದವರ ಕೈಗಿಟ್ಟು, "ಪೆರ್ನಾಲ್‌ಗೆ ಅವರಿಗೆ ಕೊಟ್ಟಾಯ್ತು" ಅನ್ನುವ ರೂಢಿ ಹಲವು ಮನೆಗಳಲ್ಲಿದೆ. ಇದರಲ್ಲಿ ಎರಡು ತೊಡಕು. ಒಂದು, ಝಕಾತ್ ಯಾವುದೇ ಕೆಲಸಕ್ಕೆ ಪ್ರತಿಫಲವಾಗಿ ಸಲ್ಲುವುದಿಲ್ಲ. ಸಂಬಳದ ಬಾಕಿಗೋ ಹಬ್ಬದ ಬೋನಸ್ಸಿಗೋ ಬದಲಾಗಿ ಕೊಟ್ಟರೆ ಅದು ನಮ್ಮ ಸಾಲವನ್ನು ಬಡವರ ಹಕ್ಕಿನಿಂದ ತೀರಿಸಿದಂತೆ. ಎರಡು, ಈ ಭಾಗದಲ್ಲಿ ನಮ್ಮ ಮನೆಗಳಿಗೆ ಬರುವವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಹಿಂದೂ ಹೆಣ್ಣುಮಕ್ಕಳು. ಶಾಫಿಈ ಮದ್‌ಹಬ್‌ನಲ್ಲಿ ಕಡ್ಡಾಯ ಝಕಾತ್ ಮುಸ್ಲಿಮರಿಗೇ ಸಲ್ಲಬೇಕು. ಅವರಿಗೆ ಸದಕಾ ಕೊಡಬಹುದು, ಹದಿಯಾ ಕೊಡಬಹುದು, ಅದು ಪುಣ್ಯವೇ. ಆದರೆ ಅದು ನಮ್ಮ ಸ್ವಂತ ಜೇಬಿನದಾಗಬೇಕು.

ಬಡ ಮುಸ್ಲಿಂ ಕೆಲಸದವರಿದ್ದರೆ ಝಕಾತ್ ಕೊಡಬಾರದೇ? ಕೊಡಬಹುದು. ನಮ್ಮ ನಿಯ್ಯತ್ ಸರಿಯಿದೆಯೇ ಅಂತ ತಿಳಿಯಲು ಒಂದು ಪ್ರಶ್ನೆ ಸಾಕು: ನಾಳೆ ಅವರು ನಮ್ಮ ಮನೆ ಬಿಟ್ಟು ಪಕ್ಕದ ಮನೆಗೆ ಕೆಲಸಕ್ಕೆ ಹೋದರೂ ಇಷ್ಟನ್ನೇ ಕೊಡುತ್ತಿದ್ದೆವಾ? ಇಲ್ಲ ಅಂತಾದರೆ ನಾವು ಕೊಡುತ್ತಿರುವುದು ಝಕಾತ್ ಅಲ್ಲ, ಕೂಲಿ. ರಾತ್ರಿ ಉಳಿದ ಅನ್ನ, ಸಾರು, ಹಳೇ ಸೀರೆ ಇವೂ ಸಂಬಳದ ಲೆಕ್ಕಕ್ಕೆ ಬರುವುದಿಲ್ಲ.

ಹಬ್ಬದ ಉಡುಗೊರೆ ಯಾವ ಹಬ್ಬಕ್ಕೆ ಕೊಡಬೇಕು ಅನ್ನುವುದನ್ನೂ ಯೋಚಿಸಬೇಕು. ನಮ್ಮ ಪೆರ್ನಾಲ್‌ಗೆ ಬಟ್ಟೆ ಕೊಡುತ್ತೇವೆ, ಸಂತೋಷ. ಅವರಿಗೆ ಖರ್ಚು ಬರುವುದು ಯುಗಾದಿಗೆ, ಗೌರಿ ಹಬ್ಬಕ್ಕೆ, ನಂಜನಗೂಡಿನ ದೊಡ್ಡ ಜಾತ್ರೆಗೆ. ಆ ಒಂದು ತಿಂಗಳ ಹಣವನ್ನು ಯಾವಾಗ ಬೇಕು ಅಂತ ಅವರನ್ನೇ ಕೇಳಿ, ಹಬ್ಬಕ್ಕೆ ವಾರ ಮುಂಚೆ ಕೊಟ್ಟರೆ ಬಡ್ಡಿ ಸಾಲಕ್ಕೆ ಕೈ ಚಾಚುವುದು ತಪ್ಪುತ್ತದೆ. ಜಾತ್ರೆಯ ದಿನ ರಜೆ ಅಂತ ಮೊದಲೇ ಬರೆದಿಟ್ಟರೆ "ಹೇಳದೆ ಕೇಳದೆ ತಪ್ಪಿಸಿಕೊಂಡ್ರು" ಅನ್ನುವ ದೂರೂ ಇರುವುದಿಲ್ಲ.

ರಜೆಯ ಇನ್ನೊಂದು ಮುಖ ನಮ್ಮ ಕಡೆಯದು. ಪೆರ್ನಾಲ್‌ಗೆ, ಮದುವೆಗೆ ಅಂತ ಮನೆಗೆ ಬೀಗ ಹಾಕಿ ಹತ್ತು ದಿನ ಮಂಗಳೂರು ಕಡೆ ಹೋಗುತ್ತೇವೆ. ಬಂದ ಮೇಲೆ ಆ ಹತ್ತು ದಿನದ ಸಂಬಳ ಹಿಡಿಯುವವರಿದ್ದಾರೆ. ತಿಂಗಳ ಲೆಕ್ಕದ ಒಪ್ಪಂದದಲ್ಲಿ ಇದು ಸಲ್ಲದು. ಅವರು ಕೆಲಸಕ್ಕೆ ತಯಾರಿದ್ದರು, ಕೆಲಸ ಮಾಡಿಸಿಕೊಳ್ಳದಿದ್ದದ್ದು ನಾವು. ಆ ದಿನಗಳನ್ನು ಅವರ 15 ದಿನದ ರಜೆಯಲ್ಲಿ ಕಳೆಯುವುದೂ ಅಷ್ಟೇ ತಪ್ಪು, ರಜೆ ಅವರು ಕೇಳಿದ್ದಲ್ಲವಲ್ಲ.

ಡ್ರೈವರ್ ವಿಷಯದಲ್ಲಿ ಹೆಚ್ಚಾಗಿ ತಪ್ಪಿ ಹೋಗುವುದು ಕಾಯುವ ಹೊತ್ತಿನ ಲೆಕ್ಕ. ರಾತ್ರಿ ಹನ್ನೊಂದರವರೆಗೆ ಮದುವೆ ಹಾಲ್ ಹೊರಗೆ ಕೂತವರು "ಸುಮ್ಮನೆ ಕೂತಿದ್ದರು" ಅಂತ ನಮಗನಿಸುತ್ತದೆ. ಅವರ ಸಮಯ ನಮ್ಮ ಕೈಲಿತ್ತು, ಬೇರೆಲ್ಲೂ ದುಡಿಯುವಂತಿರಲಿಲ್ಲ, ಹಾಗಾಗಿ ಅದೂ ಕೆಲಸವೇ. ಗೊತ್ತು ಮಾಡಿದ ಹೊತ್ತು ದಾಟಿದರೆ ಗಂಟೆಗೆ ಇಷ್ಟು, ಹೊರ ಊರಲ್ಲಿ ರಾತ್ರಿ ಉಳಿದರೆ ಬಾಟಾ ಇಷ್ಟು, ಊಟ ಮತ್ತು ಮಲಗುವ ಜಾಗ ಬೇರೆ, ಇವನ್ನು ಹೊರಡುವ ಮುಂಚೆ ಮಾತಾಡಬೇಕು. ತಡರಾತ್ರಿ ಬಂದವರನ್ನು ಸುಬ್‌ಹಿಗೇ ಮತ್ತೆ ಘಾಟಿ ರಸ್ತೆಗೆ ಹೊರಡಿಸುವುದು ನಮ್ಮ ಮಕ್ಕಳ ಜೀವಕ್ಕೂ ಅಪಾಯ.

ಗಲ್ಫಿನಲ್ಲಿ ಹೌಸ್ ಡ್ರೈವರ್ ಆಗಿ ದುಡಿದವರು ನಮ್ಮ ಮನೆತನಗಳಲ್ಲಿ ಕಡಿಮೆಯಿಲ್ಲ. ಕುವೈತಿನ 2015ರ ಕಾನೂನು ಮನೆಗೆಲಸದವರಿಗೆ, ಮನೆ ಡ್ರೈವರ್‌ಗಳಿಗೆ ವಾರದ ರಜೆ, ವರ್ಷಕ್ಕೆ ಸಂಬಳ ಸಹಿತ ರಜೆ, ಕೆಲಸ ಬಿಡುವಾಗ ವರ್ಷಕ್ಕೊಂದು ತಿಂಗಳ ಸಂಬಳ ಅಂತ ಬರೆದಿಟ್ಟಿದೆ. ಅಲ್ಲಿ ಕಫೀಲ್ ರಜೆ ಕೊಡದಿದ್ದರೆ ಇಲ್ಲಿ ನಮ್ಮ ಉಮ್ಮಂದಿರ ಕಣ್ಣು ತುಂಬುತ್ತದೆ. ಇಲ್ಲಿ ನಮ್ಮ ಅಂಗಳಕ್ಕೆ ಬರುವವರಿಗೆ ನಾವೇ ಕಫೀಲ್. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಖಿಯಾಮತ್ ದಿನ ಅಲ್ಲಾಹನೇ ಎದುರಾಳಿಯಾಗಿ ನಿಲ್ಲುವನು ಅಂತ ಸಹೀಹ್ ಬುಖಾರಿಯಲ್ಲಿ ಬಂದಿದೆ.

ಒಂದು ಸಣ್ಣ ಪುಸ್ತಕ ತನ್ನಿ. ಸೇರಿದ ದಿನಾಂಕ, ಹೊತ್ತು, ಸಂಬಳ, ರಜೆ, ಹಬ್ಬದ ಹಣ, ಏರಿಸುವ ತಿಂಗಳು ಇಷ್ಟನ್ನು ಬರೆದು ಅವರಿಗೂ ಒಂದು ಪ್ರತಿ ಕೊಡಿ. ಓದಲು ಬಾರದಿದ್ದರೆ ಅವರ ಮಕ್ಕಳು ಓದಿ ಹೇಳುತ್ತಾರೆ.